ಲೆಕ್ಕಕ್ಕೆ ಬಾರದ ಹದಿಮೂರು ಮಂದಿ

ರೇಣು ಹೋಗಿ ಆರು ತಿಂಗಳಾಗಿತ್ತು. ಮಗಳು ತೀರಿಕೊಂಡ ಮೂರನೆಯ ವಾರಕ್ಕೇ ಶೈಲಜಾ ಕೆಲಸಕ್ಕೆ ಹೋಗತೊಡಗಿದ್ದಳು. ಬೆಳಿಗ್ಗೆ ಮಾರಿಸ್‌ಟೌನ್‌ನಲ್ಲಿ ರೈಲು ಹತ್ತಿ, ಹೋಬೋಕನ್‌ನಲ್ಲಿ ಇಳಿದು, ನದಿಯ ಅಡಿಯಲ್ಲಿ ಓಡುವ ಇನ್ನೊಂದು ರೈಲಿನಲ್ಲಿ ಮ್ಯಾನ್‌ಹಟನ್ ಸೇರುವುದು. ಸಂಜೆ ಅದೇ ದಾರಿಯಲ್ಲಿ ಹಿಂದಿರುಗುವುದು. ಮೆಡಿಕಲ್ ಸ್ಕೂಲೊಂದರ ಅಂಕಿಅಂಶ ವಿಭಾಗದಲ್ಲಿ ಅವಳಿಗೆ ಕೆಲಸ. ಡಾಕ್ಟರುಗಳು ತಂದ ದಾಖಲೆಗಳನ್ನು ಲೆಕ್ಕ ಹಾಕಿ, ಹೊಸ ಔಷಧಿಯಿಂದ ನಿಜಕ್ಕೂ ಗುಣ ಕಂಡಿದೆಯೇ ಎಂದು ಅವಳು ಹೇಳಬೇಕಿತ್ತು. ಜೊತೆಯವರು ಅವಳನ್ನು ಗಟ್ಟಿ ಹೆಂಗಸು ಅಂದುಕೊಂಡಿದ್ದರು. ಗಟ್ಟಿತನವೇನೂ ಅಲ್ಲ. ಹಲ್ಲು ಕೀಳುವ ಮೊದಲು ಸೂಜಿ ಚುಚ್ಚಿದ ದವಡೆಯ ಹಾಗೆ ಎಲ್ಲವೂ ಮರಗಟ್ಟಿತ್ತು, ಅಷ್ಟೆ.

೧೯೭೫ರ ಏಪ್ರಿಲ್‌ನಲ್ಲಿ ಅವಳ ಮೇಜಿಗೆ ಒಂದು ದಪ್ಪ ಲಕೋಟೆ ಬಂತು. ವೈದ್ಯಕೀಯ ಪತ್ರಿಕೆಯೊಂದರ ಸಂಪಾದಕರು ಡಾ. ಹ್ಯಾಲೊರನ್ ಒಂದು ಲೇಖನವನ್ನು ಪರಿಶೀಲನೆಗೆ ಕಳಿಸಿದ್ದರು. ನಾಲ್ಕು ವಾರದಲ್ಲಿ ವರದಿ ಬೇಕು, ವಿಷಯ ಗೋಪ್ಯ, ಪರಿಶೀಲಿಸಿದವರ ಹೆಸರು ಲೇಖಕರಿಗೆ ತಿಳಿಯುವುದಿಲ್ಲ. ಜೊತೆಗಿದ್ದ ನಮೂನೆಯಲ್ಲಿ ಐದು ಪ್ರಶ್ನೆಗಳು, ಕೆಳಗೆ ನಾಲ್ಕು ಚೌಕಗಳು: ಸ್ವೀಕರಿಸಿ, ಸಣ್ಣ ತಿದ್ದುಪಡಿ, ದೊಡ್ಡ ತಿದ್ದುಪಡಿ, ತಿರಸ್ಕರಿಸಿ.

ಲೇಖನ ಮಕ್ಕಳ ರಕ್ತದ ಕ್ಯಾನ್ಸರ್ ಕುರಿತದ್ದು. ಮೂರು ಔಷಧಿಗಳ ಜೊತೆಗೆ ನಾಲ್ಕನೆಯದೊಂದನ್ನು ಸೇರಿಸಿ ಕೊಟ್ಟರೆ ಹೆಚ್ಚು ಮಕ್ಕಳಲ್ಲಿ ರೋಗ ಹಿಮ್ಮೆಟ್ಟುತ್ತದೆ ಎನ್ನುವುದು ಲೇಖಕರ ವಾದ. ಆಸ್ಪತ್ರೆ ದೂರದ ರಾಜ್ಯದ್ದು, ಡಾಕ್ಟರುಗಳು ಅಪರಿಚಿತರು. ಕಾಯಿಲೆ ಮಾತ್ರ ರೇಣುವಿನದೇ.

ಶೈಲಜಾ ಸಂಪಾದಕರಿಗೆ ಫೋನ್ ಮಾಡಿದಳು.

"ನನ್ನ ಮಗಳು ಇದೇ ಕಾಯಿಲೆಯಿಂದ ತೀರಿಕೊಂಡಳು. ಚಿಕಿತ್ಸೆ ಬೇರೆ ಆಸ್ಪತ್ರೆಯಲ್ಲಿ. ಇದು ನಿಮಗೆ ಗೊತ್ತಿರಬೇಕು."

"ಕ್ಷಮಿಸಿ, ನನಗೆ ತಿಳಿದಿರಲಿಲ್ಲ. ವಾಪಸು ಕಳಿಸಿಬಿಡಿ, ನಾನೇನೂ ತಪ್ಪು ತಿಳಿಯುವುದಿಲ್ಲ," ಎಂದರು ಹ್ಯಾಲೊರನ್. ಆಮೇಲೆ, "ಅಥವಾ ನಮೂನೆಯ ಪ್ರಶ್ನೆಗಳಿಗಷ್ಟೇ ಉತ್ತರ ಬರೆಯಲು ನಿಮ್ಮಿಂದ ಆಗುತ್ತದೆಯೇ? ಇನ್ನೊಬ್ಬ ಪರಿಶೀಲಕರೂ ಇದ್ದಾರೆ. ತೀರ್ಮಾನ ನನ್ನದು. ನೀವು ಹೇಳಿದ್ದನ್ನು ಕಡತದಲ್ಲಿ ಬರೆದಿಡುತ್ತೇನೆ."

"ಆಗುತ್ತದೆ," ಎಂದಳು. ಹಾಗೆ ಹೇಳುವಾಗ ಅವಳಿಗೆ ಏನೂ ಅನ್ನಿಸಲಿಲ್ಲ. ಅದಕ್ಕೇ ಆಗುತ್ತದೆ ಅಂದುಕೊಂಡಳು.

ಮೊದಲ ಓದಿಗೆ ಲೇಖನ ಚೆನ್ನಾಗಿಯೇ ಇತ್ತು. ನಾಲ್ಕು ಔಷಧಿ ಪಡೆದ ಐವತ್ತೊಂದು ಮಕ್ಕಳಲ್ಲಿ ನಲವತ್ತೇಳು ಮಂದಿಗೆ ರೋಗ ಹಿಮ್ಮೆಟ್ಟಿತ್ತು, ಶೇಕಡಾ ತೊಂಬತ್ತೆರಡು. ಹಿಂದಿನ ವರ್ಷಗಳಲ್ಲಿ ಮೂರೇ ಔಷಧಿ ಪಡೆದಿದ್ದ ಅರವತ್ತರಲ್ಲಿ ನಲವತ್ತೊಂಬತ್ತು, ಶೇಕಡಾ ಎಂಬತ್ತೆರಡು. ಎರಡನೆಯ ಓದಿನಲ್ಲಿ, ಎರಡನೆಯ ಕೋಷ್ಟಕದ ಕೆಳಗೆ, ಸಣ್ಣ ಅಕ್ಷರದ ಟಿಪ್ಪಣಿಯೊಂದು ಕಣ್ಣಿಗೆ ಬಿತ್ತು. ಚಿಕಿತ್ಸೆ ಆರಂಭಿಸಿದವರು ಒಟ್ಟು ಅರವತ್ತನಾಲ್ಕು. ಇಪ್ಪತ್ತೆಂಟು ದಿನ ಪೂರೈಸದ ಹದಿಮೂರು ಮಂದಿಯನ್ನು 'ಮೌಲ್ಯಮಾಪನಕ್ಕೆ ಅರ್ಹರಲ್ಲ' ಎಂದು ಕೈಬಿಡಲಾಗಿದೆ. ಯಾಕೆ ಪೂರೈಸಲಿಲ್ಲ ಎನ್ನುವುದು ಎಲ್ಲೂ ಇರಲಿಲ್ಲ. ಹಿಂದಿನ ಗುಂಪಿನಲ್ಲಾದರೆ ಯಾರನ್ನೂ ಬಿಟ್ಟಿರಲಿಲ್ಲ.

ರೇಣು ಚಿಕಿತ್ಸೆಯ ಹತ್ತೊಂಬತ್ತನೆಯ ದಿನ ಸೋಂಕಾಗಿ ಹೋದವಳು. ಅವಳ ಆಸ್ಪತ್ರೆಯ ಡಾಕ್ಟರೂ ಅವಳನ್ನು 'ಮೌಲ್ಯಮಾಪನಕ್ಕೆ ಅರ್ಹಳಲ್ಲ' ಎಂದಿದ್ದ. ಸಮಾಧಾನ ಹೇಳುವ ದನಿಯಲ್ಲಿ.

ಶೈಲಜಾ ಪುಟ ಮುಚ್ಚಿ ಕಾಫಿ ತರಲು ಹೋದಳು. ಹಿಂದಿರುಗಿ ಪೆನ್ಸಿಲ್ ತೆಗೆದುಕೊಂಡು ನಲವತ್ತೇಳನ್ನು ಅರವತ್ತನಾಲ್ಕರಿಂದ ಭಾಗಿಸಿದಳು. ಶೇಕಡಾ ಎಪ್ಪತ್ತಮೂರು, ಮೂರೇ ಔಷಧಿ ಪಡೆದವರಿಗಿಂತ ಕಡಿಮೆ.

ಭಾನುವಾರ ಮಧ್ಯಾಹ್ನ ಅಡಿಗೆಮನೆಯಲ್ಲಿ ದಿವಾಕರ ತರಕಾರಿ ಹೆಚ್ಚುತ್ತಿದ್ದ. ರೇಣು ಹೋದ ಮೇಲೆ ಗಂಡ ಹೆಂಡತಿ ಮಾತಾಡುತ್ತಿದ್ದುದು ಕಡಿಮೆ. ಕಾರಿನ ರಿಪೇರಿ, ಹಾಲು, ಹೀಟಿಂಗ್ ಬಿಲ್ಲು.

"ಏನೋ ರಿವ್ಯೂ ಮಾಡ್ತಿದೀಯಂತಲ್ಲ?" ಎಂದ.

"ಹೂಂ. ಕಾನ್ಫಿಡೆನ್ಷಿಯಲ್ ರೀ. ಡೀಟೇಲ್ಸ್ ಹೇಳೋ ಹಾಗಿಲ್ಲ. ಅದೇ ಕಾಯಿಲೆದು."

ಅವನ ಕೈ ನಿಂತಿತು. "ಯಾಕೆ ಒಪ್ಕೊಂಡೆ?"

"ಗೊತ್ತಿಲ್ಲ."

"ತಪ್ಪಿದ್ರೆ ರಿಜೆಕ್ಟ್ ಮಾಡಿ ಬಿಸಾಕು. ಯೋಚ್ನೆ ಯಾಕೆ ಮಾಡ್ತೀಯ?"

"ರಿಜೆಕ್ಟ್ ಮಾಡಿದ್ರೆ ಒಂದಕ್ಷರ ಬದಲಾಯಿಸ್ದೆ ಇನ್ನೊಂದು ಜರ್ನಲ್‌ಗೆ ಕಳಿಸ್ಬೋದು. ಆದ್ರೆ ಕಾರಣ ಅದಲ್ಲ. ಸರಿಮಾಡಕ್ಕಾಗದ ತಪ್ಪಾಗಿದ್ರೆ ರಿಜೆಕ್ಟ್. ಇದನ್ನ ಸರಿಮಾಡ್ಬೋದು."

"ನಿಂಗೆ ಸಿಟ್ಟೇ ಬರಲ್ವೇನೆ?"

ಬರುತ್ತಿಲ್ಲ ಎಂದು ಹೇಳಲು ಅವಳಿಗೆ ಹೆದರಿಕೆಯಾಯಿತು. ಸುಮ್ಮನೆ ಸಿಂಕಿನ ನಲ್ಲಿ ತಿರುಗಿಸಿದಳು.

ಸೋಮವಾರ ಊಟದ ವೇಳೆಯಲ್ಲಿ ಬಾಗಿಲು ಹಾಕಿಕೊಂಡು ನಮೂನೆಯ ಐದು ಪ್ರಶ್ನೆಗಳಿಗೆ ಉತ್ತರ ಟೈಪ್ ಮಾಡಲು ಕೂತಳು. ಲೇಖನ ಎತ್ತಿದ ಪ್ರಶ್ನೆ ಮುಖ್ಯವೇ? ಹೌದು, ಈ ನಾಲ್ಕನೆಯ ಔಷಧಿ ಬೇಕೇ ಬೇಡವೇ ಎನ್ನುವುದು ಎಲ್ಲ ಆಸ್ಪತ್ರೆಗಳಿಗೂ ತಿಳಿಯಬೇಕಾದದ್ದು. ಹೊಸತೇ? ತಕ್ಕಮಟ್ಟಿಗೆ. ಬರಹ ಸ್ಪಷ್ಟವೇ? ಸ್ಪಷ್ಟ, ಹಿಂದಿನ ಎರಡು ಅಧ್ಯಯನಗಳನ್ನು ಮಾತ್ರ ಉಲ್ಲೇಖಿಸಬೇಕು. ವಿಧಾನ ಸರಿಯೇ? ಇಲ್ಲಿ ಅವಳು ನಿಧಾನಿಸಿದಳು.

'ಒಂದು ಗುಂಪಿನಲ್ಲಿ ಎಲ್ಲರನ್ನೂ ಎಣಿಸಿ, ಇನ್ನೊಂದರಲ್ಲಿ ಕೆಲವರನ್ನು ಬಿಟ್ಟರೆ ಹೋಲಿಕೆ ನಿಲ್ಲುವುದಿಲ್ಲ. ಚಿಕಿತ್ಸೆ ಆರಂಭಿಸಿದ ಅರವತ್ತನಾಲ್ಕು ಮಂದಿಯೂ ಲೆಕ್ಕದಲ್ಲಿರಬೇಕು. ಬಿಟ್ಟ ಹದಿಮೂರು ಮಕ್ಕಳಲ್ಲಿ ಪ್ರತಿಯೊಬ್ಬರ ವಯಸ್ಸು, ಚಿಕಿತ್ಸೆ ನಿಂತ ದಿನ, ಕಾರಣ ಕೊಡಬೇಕು. ಔಷಧಿಯ ದುಷ್ಪರಿಣಾಮದಿಂದಲೇ ಕೆಲವರು ಸತ್ತಿದ್ದರೆ, ಆ ಸಾವುಗಳೂ ಚಿಕಿತ್ಸೆಯ ಫಲಿತಾಂಶವೇ. ಹಿಂದಿನ ವರ್ಷಗಳ ರೋಗಿಗಳೊಡನೆ ಹೋಲಿಸುವಾಗ ಎರಡೂ ಗುಂಪಿನ ವಯಸ್ಸು, ರೋಗದ ತೀವ್ರತೆ ತೋರಿಸಬೇಕು.'

ಕೊನೆಯ ಪ್ರಶ್ನೆ: ದತ್ತಾಂಶದಿಂದ ತೀರ್ಮಾನ ಹೊರಡುತ್ತದೆಯೇ? ಈಗಿನ ರೂಪದಲ್ಲಿ ಇಲ್ಲ. ಆದರೆ ದಾಖಲೆಗಳನ್ನು ಜತನದಿಂದ ಇಟ್ಟಿದ್ದಾರೆ, ಬೇಕಾದ ಮಾಹಿತಿ ಲೇಖಕರ ಬಳಿಯೇ ಇದೆ, ಹೊಸ ಪ್ರಯೋಗ ಬೇಕಿಲ್ಲ. ಹಾಗಾಗಿ ತಿರಸ್ಕಾರವಲ್ಲ, ದೊಡ್ಡ ತಿದ್ದುಪಡಿ. ಪರಿಷ್ಕೃತ ಪ್ರತಿಯನ್ನು ಮತ್ತೆ ನೋಡಲು ಒಪ್ಪಿಗೆ ಇದೆ.

'ಇಂಥವರನ್ನು ಬಿಡುವುದು ಈ ಕ್ಷೇತ್ರದಲ್ಲಿ ರೂಢಿಯಾದರೂ' ಎಂದು ಇನ್ನೊಂದು ವಾಕ್ಯ ಆರಂಭಿಸಿದವಳ ಬೆರಳು ಅಲ್ಲೇ ನಿಂತಿತು. ಮೂರು ವರ್ಷದ ಹಿಂದೆ, ಗರ್ಭಕೋಶದ ಕ್ಯಾನ್ಸರ್ ಕುರಿತ ಒಂದು ಲೇಖನಕ್ಕೆ ಲೆಕ್ಕ ಹಾಕಿದ್ದು ಅವಳೇ. ಎಂಟು ಹೆಂಗಸರನ್ನು ಹೀಗೇ ಬಿಟ್ಟಿದ್ದಳು. ಆಗ ಯಾರೂ ಕೇಳಿರಲಿಲ್ಲ. ಅವಳೂ ಕೇಳಿಕೊಂಡಿರಲಿಲ್ಲ. ಆ ವಾಕ್ಯವನ್ನು ಹೊಡೆದುಹಾಕಿ ವರದಿಯನ್ನು ಅಂಚೆಗೆ ಕೊಟ್ಟಳು.

ಸೆಪ್ಟೆಂಬರ್‌ನಲ್ಲಿ ಪರಿಷ್ಕೃತ ಲೇಖನ ಬಂತು. ಇನ್ನೊಬ್ಬ ಪರಿಶೀಲಕ ಸಣ್ಣ ತಿದ್ದುಪಡಿ ಸಾಕು ಅಂದಿದ್ದನಂತೆ. ಸಂಪಾದಕರು ಶೈಲಜಾಳ ಮಾತನ್ನು ಎತ್ತಿಹಿಡಿದಿದ್ದರು. ಲೇಖಕರ ಉತ್ತರದ ಮೊದಲ ಪುಟದಲ್ಲಿ ಸಿಡುಕಿತ್ತು. ಪರಿಶೀಲಕರಿಗೆ ವಾರ್ಡಿನ ಅನುಭವ ಇದ್ದಂತಿಲ್ಲ ಎಂದು ಬರೆದಿದ್ದರು. ಆದರೆ ಹೇಳಿದ್ದನ್ನೆಲ್ಲ ಮಾಡಿದ್ದರು. ಮೂರನೆಯ ಕೋಷ್ಟಕ ಹೊಸದು, ಅದರಲ್ಲಿ ಹದಿಮೂರು ಸಾಲು. ಒಂಬತ್ತು ಮಕ್ಕಳು ಸತ್ತಿದ್ದರು, ಅವರಲ್ಲಿ ಏಳು ಮಂದಿ ಸೋಂಕಿನಿಂದ. ನಾಲ್ವರನ್ನು ಮನೆಯವರು ಕರೆದೊಯ್ದಿದ್ದರು. ನಾಲ್ಕನೆಯ ಔಷಧಿಯಿಂದ ಲಾಭ ಕಾಣಲಿಲ್ಲ, ಆರಂಭದ ಸಾವುಗಳ ಬಗ್ಗೆ ಎಚ್ಚರ ಬೇಕು ಎಂದು ತೀರ್ಮಾನ ಬದಲಾಗಿತ್ತು.

ಆರನೆಯ ಸಾಲು: ಹೆಣ್ಣು, ಐದು ವರ್ಷ, ಹದಿನೇಳನೆಯ ದಿನ, ಸೋಂಕು.

ಶೈಲಜಾ ಅದರ ಮೇಲೆ ಬೆರಳಿಟ್ಟುಕೊಂಡು ಕೂತಳು. ಅಳು ಬರಬಹುದು ಅನ್ನಿಸಿತು, ಬರಲಿಲ್ಲ. ಎರಡು ಕಡೆ ಮೊತ್ತ ತಾಳೆ ನೋಡಿ, 'ಸ್ವೀಕರಿಸಿ' ಎಂಬ ಚೌಕಕ್ಕೆ ಗುರುತು ಹಾಕಿದಳು.

ಆಮೇಲೆ ಮೇಲಿನ ಮಹಡಿಗೆ ಹೋಗಿ, ಗರ್ಭಕೋಶದ ಕ್ಯಾನ್ಸರ್ ಕುರಿತ ಆ ಹಳೆಯ ಲೇಖನದ ಮುಖ್ಯ ಲೇಖಕ ಡಾ. ಕ್ರೆಮರ್ ಅವರ ಬಾಗಿಲು ತಟ್ಟಿದಳು.

"ಎಪ್ಪತ್ತೆರಡರ ಲೇಖನದಲ್ಲಿ ಎಂಟು ಮಂದಿಯನ್ನು ನಾನು ಬಿಟ್ಟಿದ್ದೆ. ಅವರನ್ನು ಸೇರಿಸಿ ಮತ್ತೆ ಲೆಕ್ಕ ಹಾಕಬೇಕು."

"ಈಗ ಯಾರು ಕೇಳುತ್ತಿದ್ದಾರೆ?" ಎಂದರು ಕ್ರೆಮರ್, ಕನ್ನಡಕ ತೆಗೆದು.

"ಯಾರೂ ಇಲ್ಲ. ಉತ್ತರ ಬದಲಾದರೆ ಪತ್ರಿಕೆಗೆ ತಿದ್ದುಪಡಿ ಬರೆಯಬೇಕಾಗುತ್ತದೆ. ನಿಮ್ಮ ಹೆಸರೂ ಇರುತ್ತದೆ, ನನ್ನದೂ."

ಕ್ರೆಮರ್ ಅವಳ ಮುಖ ನೋಡಿದರು. ಆಮೇಲೆ ಡ್ರಾಯರಿನಿಂದ ದಾಖಲೆ ಕೋಣೆಯ ಕೀಲಿ ತೆಗೆದು ಕೊಟ್ಟರು. ಶೈಲಜಾ ನೆಲಮಾಳಿಗೆಗೆ ಇಳಿದು, ಆ ವರ್ಷದ ಪೆಟ್ಟಿಗೆ ಹುಡುಕಿ, ಮೊದಲ ಹೆಂಗಸಿನ ಕಡತವನ್ನು ಹೊರಗೆ ತೆಗೆದಳು.