ಗುಡ್ ಅಂದರೆ ಏನು?

"ಈ ಗುಡ್ ಅಂದ್ರೆ ಏನ್ ಮಿಸ್?"

ಬೈರೇಶ್ ಮಗಳ ಪ್ರೋಗ್ರೆಸ್ ಕಾರ್ಡನ್ನು ಮೇಜಿನ ಮೇಲೆ ಕುಕ್ಕಿದ. ಬಾಶೆಟ್ಟಿಹಳ್ಳಿಯ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ನೇರವಾಗಿ ಪೋಷಕರ ಸಭೆಗೆ ಬಂದಿದ್ದ. ಪಕ್ಕದಲ್ಲಿ ನಾಲ್ಕನೇ ತರಗತಿಯ ದಿವ್ಯ ನೆಲ ನೋಡುತ್ತ ನಿಂತಿದ್ದಳು.

"ಒಂದನೇ ಕ್ಲಾಸಿಂದ್ಲೂ ಗುಡ್, ಗುಡ್! ಮೊನ್ನೆ ಬಸ್ ಬೋರ್ಡ್ ಓದೇ ಅಂದ್ರೆ ಬಾಯೇ ಬಿಡ್ಲಿಲ್ಲ. ಟಿಸಿ ಕೊಟ್ಬಿಡಿ, ಇವತ್ತೇ."

ಕ್ಲಾಸ್ ಟೀಚರ್ ಪ್ರಮೋದಾಗೆ ಮೈಯೆಲ್ಲ ಉರಿಯಿತು. ಮಗುವಿನೆದುರು ಹೀಗೆ ಕೂಗುತ್ತಾನಲ್ಲ ಎಂದು. ಅದಕ್ಕಿಂತ ಹೆಚ್ಚಾಗಿ, ಯಾವ ಗ್ರೇಡಿಗೆ ಯಾವ ಮಾತು ಬರೆಯಬೇಕೆಂದು ಸ್ಟಾಫ್ ರೂಮಿನ ಬೋರ್ಡಿನಲ್ಲಿ ಬರೆದಿಟ್ಟ ಹೆಡ್‌ಮಾಸ್ಟರ್ ಕೆಂಪರಾಜ್ ಮೇಲೆ. 'ಬಿ' ಬಂದರೆ 'ಗುಡ್, ಕೀಪ್ ಇಟ್ ಅಪ್'. ಪೋಷಕರಿಗೆ ಬೇಜಾರಾಗಬಾರದಂತೆ! ಅದನ್ನು ತಲೆಬಗ್ಗಿಸಿ ನಕಲು ಮಾಡಿದ್ದು ತನ್ನದೇ ಕೈ ಎನ್ನುವುದು ಎಲ್ಲಕ್ಕಿಂತ ಹೆಚ್ಚು ಚುಚ್ಚಿತು.

"ಯಾವ ಬೋರ್ಡ್ ಓದ್ಲಿಲ್ಲ?"

"ನಮ್ ಬಾಶೆಟ್ಟಿಹಳ್ಳಿದು. 'ಬಾಶೆ' ಅಂತ ನಿಂತ್ಬಿಟ್ಲು."

"ತೂಬಗೆರೆ ಬಸ್ಸಿಂದು?"

"ಅದನ್ನ ಓದಿದ್ಲು," ಎಂದ ಬೈರೇಶ್, ಒಲ್ಲದ ಮನಸ್ಸಿನಿಂದ.

ತರಗತಿಯಲ್ಲೂ ಅಷ್ಟೇ, ಒತ್ತಕ್ಷರ ಬಂದರೆ ದಿವ್ಯಳ ಬೆರಳು ಪುಟದ ಮೇಲೆ ನಿಂತುಬಿಡುತ್ತಿತ್ತು. ಪ್ರಮೋದಾ 'ಗುಡ್' ಹೊಡೆದುಹಾಕಿ ಅದರ ಕೆಳಗೇ ಬರೆದಳು: 'ದಿವ್ಯ ಸರಳ ಪದಗಳನ್ನು ತಾನೇ ಓದುತ್ತಾಳೆ. ಬಾಯಿಲೆಕ್ಕ ಚುರುಕು. ಒತ್ತಕ್ಷರ ಇನ್ನೂ ಬರುವುದಿಲ್ಲ, ಆದ್ದರಿಂದ ಪಾಠ ಓದಲಾಗುತ್ತಿಲ್ಲ. ಶಾಲೆಯಲ್ಲಿ ದಿನವೂ ನಾನು ಕಲಿಸುತ್ತೇನೆ. ಮನೆಯಲ್ಲಿ ಹತ್ತು ನಿಮಿಷ ಜೋರಾಗಿ ಓದಿಸಿ. ತಪ್ಪಿದರೆ ಬೈಯಬೇಡಿ. ಕಲಿಯುತ್ತಾಳೆ.'

ಸದ್ದು ಕೇಳಿ ಬಂದ ಕೆಂಪರಾಜ್ ಬಗ್ಗಿ ಓದಿದರು. "ಏನಮ್ಮಾ ಇದು, ಪ್ರೋಗ್ರೆಸ್ ಕಾರ್ಡೋ ಡಾಕ್ಟರ್ ಚೀಟಿನೋ? 'ಬರುವುದಿಲ್ಲ' ಅಂತ ಬರ್ದು ಸ್ಕೂಲ್ ಮಾನ ಕಳೀತೀಯಾ? ಬೇರೆ ಕಾರ್ಡ್ ತಗೊಂಡು ನೀಟಾಗಿ ಬರಿ."

"ಬರೆಯಲ್ಲ ಸರ್. ಈ ಮಗು ಇಷ್ಟ್ ವರ್ಷ ಒಳಗೊಳಗೇ ಹೆದರಿದ್ದು ಸಾಲ್ದಾ?" ಪ್ರಮೋದಾ ಕಾರ್ಡಿನ ಮೇಲೆ ಕೈಯಿಟ್ಟಳು. ತಾನು ಬರೆದದ್ದು ಸರಿಯೋ ತಪ್ಪೋ ಎಂಬ ಅಳುಕು ಆಗಲೂ ಇತ್ತು.

ಬೈರೇಶ್ ಕಾರ್ಡು ಎಳೆದುಕೊಂಡು ನಿಧಾನವಾಗಿ ಓದಿದ. ಮಗಳ ಕಡೆ ತಿರುಗಿದ. "ಒತ್ತು ಬರಲ್ಲ ಅಂತ ಹೇಳೋಕೇನಾಗಿತ್ತೇ?"

"ಗುಡ್ ಅಂತ ಇತ್ತಲ್ಲಪ್ಪಾ," ಎಂದಳು ದಿವ್ಯ.

ಅವನು ಪೋಷಕರ ಜಾಗದಲ್ಲಿ ಸಹಿ ಗೀಚಿದ. "ಸರ್, ನಿಮ್ ಸೈನು ಇದ್ರ ಕೆಳಗೇ ಹಾಕಿ. ಟಿಸಿ ಈಗ ಬೇಡ. ಆದ್ರೆ ಮಿಸ್, ಸಿಟ್ಟೇನೂ ಇಳಿದಿಲ್ಲ. ಮುಂದಿನ ಕಾರ್ಡಲ್ಲೂ ನಿಜಾನೇ ಬರೀಬೇಕು."

ಕೆಂಪರಾಜ್ ಹಲ್ಲು ಕಚ್ಚಿ ಸಹಿ ಹಾಕಿದರು. ಬಾಗಿಲ ಬಳಿ ಇನ್ನೊಬ್ಬ ತಾಯಿ ಕಾರ್ಡಿಗಾಗಿ ಕೈ ಚಾಚಿದಳು. ಪ್ರಮೋದಾ ಉಳಿದ ಕಾರ್ಡುಗಳ ಕಟ್ಟನ್ನು ತನ್ನತ್ತ ಎಳೆದುಕೊಂಡಳು.

"ಒಂದ್ನಿಮಿಷ ಕೂತ್ಕೊಳಿ ಅಮ್ಮಾ. ನಿಮ್ ಮಗೂದೂ ಸರಿಯಾಗಿ ಬರೀಬೇಕು."