ಬೂಟಿನೊಳಗಿನ ಬಿಸಿ

ಹರಿಹರದಲ್ಲಿ ಬ್ಯಾಟರಿ ತಿಮ್ಮೇಶನ ಅಂಗಡಿ ಎಂದರೆ ಯಾರು ಬೇಕಾದರೂ ದಾರಿ ತೋರಿಸುತ್ತಾರೆ. ಮನೆ ದಾವಣಗೆರೆಯ ನಿಟ್ಟುವಳ್ಳಿಯಲ್ಲಿ, ಅಂಗಡಿ ಮಾತ್ರ ಹರಿಹರದಲ್ಲಿ. ಟ್ರ್ಯಾಕ್ಟರಿನದೋ, ಇನ್‌ವರ್ಟರಿನದೋ, ಎಂಥ ಬ್ಯಾಟರಿ ಕೈಕೊಟ್ಟರೂ ಜನ ಅವನ ಮುಂದೆ ತಂದಿಡುತ್ತಿದ್ದರು. ಅವನು ಮೀಟರು ಹಿಡಿದು, ಹುಬ್ಬು ಗಂಟಿಕ್ಕಿ, ರೋಗ ಇಂಥದ್ದೇ ಎಂದು ಡಾಕ್ಟರ ಠೀವಿಯಲ್ಲಿ ಹೇಳುತ್ತಿದ್ದ. ಇಂಥವನಿಗೆ ಬ್ಯಾಟರಿಯ ಭಯವಿತ್ತು ಎಂದರೆ ನಗಬೇಡಿ. ಪೂರಿಯಂತೆ ಉಬ್ಬಿಕೊಂಡ ಲಿಥಿಯಂ ಸೆಲ್ಲುಗಳನ್ನು ದಿನವೂ ನೋಡುವವನಿಗೆ ಅದು ಸಹಜವೇ. ಒಮ್ಮೆ ಒಂದು ಅವನ ಮೇಜಿನ ಮೇಲೇ ಭುಸ್ಸೆಂದು ಹೊತ್ತಿಕೊಂಡಿತ್ತು.

ಮಗಳು ವಾಣಿಶ್ರೀ ವಿದ್ಯಾನಗರದ ಕಾಲೇಜಿನಲ್ಲಿ ಓದುತ್ತಿದ್ದಳು. ಎನ್‌ಸಿಸಿ ಹುಚ್ಚು. ಒಂದಾದ ಮೇಲೊಂದು ಕ್ಯಾಂಪಿನಲ್ಲಿ ಸೋಸಿ ಸೋಸಿ ಆರಿಸಿದ ಹುಡುಗಿಯರಲ್ಲಿ ಉಳಿದುಕೊಂಡು, ಗಣರಾಜ್ಯೋತ್ಸವದ ಪಥಸಂಚಲನಕ್ಕೆಂದು ದೆಹಲಿ ಸೇರಿದ್ದಳು. ತಿಮ್ಮೇಶ ಇದನ್ನು ಗಿರಾಕಿಗಳಿಗೆಲ್ಲ ಹೇಳಿಯಾಗಿತ್ತು. ಕೆಲವರಿಗೆ ಎರಡೆರಡು ಸಲ. ಜನವರಿಯ ಮೊದಲ ವಾರದಲ್ಲಿ ಅವಳ ಫೋನು ಬಂತು.

"ಅಪ್ಪಾ, ಕತ್ತಲಿದ್ದಾಗಲೇ ಮೈದಾನದಾಗೆ ನಿಲ್ಲಿಸ್ತಾರೆ. ಕಾಲ್ಬೆರಳು ಜೋಮು ಹಿಡಿದು ನೆಲಾನೇ ಗೊತ್ತಾಗಲ್ಲ. ಹೆಜ್ಜೆ ತಪ್ಪಿದ್ರೆ ಸಾಲಿಂದ ತೆಗೀತಾರೆ. ನನ್ನ ಜಾಗಕ್ಕೆ ಕಾಯ್ತಿರೋರು ಅದಾರೆ."

ಅಂದೇ ಸಂಜೆ ತಿಮ್ಮೇಶ ದಾವಣಗೆರೆಯಲ್ಲಿ ಇಜಾಜನ ಅಂಗಡಿಗೆ ಹೋದ. ಕೇದಾರಕ್ಕೆ ಹೋಗುವವರಿಗೆ ಸ್ವೆಟರು, ಕೈಗವಸು, ರೇನ್‌ಕೋಟು ಮಾರುವವನು ಇಜಾಜ್, ಹಳೆಯ ಗೆಳೆಯ. ಅವನು ಎರಡು ಬಗೆಯ ಸಾಮಾನು ತೆಗೆದಿಟ್ಟ. ಒಂದು, ಬ್ಯಾಟರಿ ಸಾಕ್ಸು. ಮೊಣಕಾಲ ಕೆಳಗೆ ಪುಟ್ಟ ಬ್ಯಾಟರಿ, ಬೆರಳ ತನಕ ಸಣ್ಣ ತಂತಿ. ಇನ್ನೊಂದು, ಚಹಾ ಪುಡಿಯ ಚೀಲದಂಥ ಬಟ್ಟೆಯ ಪೊಟ್ಟಣ. ಮೇಲಿನ ಕವರು ಹರಿದು ಅಲುಗಾಡಿಸಿದರೆ ತಾನಾಗಿ ಬಿಸಿಯಾಗುವಂಥದ್ದು.

"ಸಾಕ್ಸು ಕಮ್ಮಿ ಬಿಸಿಗಿಟ್ರೆ ಐದಾರು ತಾಸು, ಜಾಸ್ತಿಗಿಟ್ರೆ ಎರಡೋ ಮೂರೋ. ಚಳಿಯಾಗೆ ಇನ್ನೂ ಬೇಗ ಇಳೀತೈತೆ, ಮತ್ತೆ ಚಾರ್ಜು ಮಾಡಬೇಕು. ಆದ್ರೆ ಬಿಸಿ ಹೆಚ್ಚಾಯ್ತು ಅಂದ್ರೆ ಗುಂಡಿ ಒತ್ತಿ ಆರಿಸ್ಬಹುದು. ಈ ಪುಡೀದು ಎಂಟು ತಾಸು ಬರ್ತೈತೆ, ಚಾರ್ಜು ಗೀರ್ಜು ಬ್ಯಾಡ. ಆದ್ರೆ ಹತ್ತಿಕೊಂಡ ಮೇಲೆ ಗುಂಡಿ ಇಲ್ಲ ನೋಡ್ರಿ," ಎಂದ ಇಜಾಜ್. "ಇದು ಕೈದು. ಕಾಲಿಂದೇ ಬೇರೆ ಬರ್ತೈತೆ, ಸಾಕ್ಸಿನ ಮೇಲೆ ಅಂಟಿಸೋದು. ಅದು ಖಾಲಿಯಾಗೈತೆ, ಬರೋ ವಾರ ತರಿಸ್ತೀನಿ."

"ಬರೋ ವಾರಕ್ಕೆ ನನ್ನ ಮಗಳು ಸಾಲಿಂದ ಹೊರಗಿರ್ತಾಳೆ. ಕೈ ಆದ್ರೇನು, ಕಾಲಾದ್ರೇನು, ಬಿಸಿ ಬಿಸೀನೇ. ಆ ಬ್ಯಾಟರಿ ಮಾತ್ರ ಬ್ಯಾಡ ಮಾರಾಯ, ಮಗಳ ಕಾಲಿಗೆ ಕಟ್ಟೋದಾ ಅದನ್ನ?"

ಕಣ್ಮುಚ್ಚಿ ಕೊಂಡವನೇನಲ್ಲ ಅವನು. ಒಂದು ಪೊಟ್ಟಣದ ಕವರು ಹರಿದು ಅಂಗಿಯ ಜೇಬಿನಲ್ಲಿಟ್ಟುಕೊಂಡು ಇಡೀ ರಾತ್ರಿ ಪರೀಕ್ಷೆ ಮಾಡಿದ. ಒಳಗೆ ಬನಿಯನ್ನು, ಅದರ ಮೇಲೆ ಅಂಗಿ. ಬೆಳಿಗ್ಗೆಯೂ ಬೆಚ್ಚಗಿತ್ತು. ಪುಡಿ ಪಾಪದ್ದು ಎಂದು ತೀರ್ಮಾನಿಸಿ, ಪೊಟ್ಟಣಗಳನ್ನು ಕೊರಿಯರಿಗೆ ಹಾಕಿದ. ಕವರಿನ ಹಿಂದೆ ಇರುವೆ ಸಾಲಿನಂಥ ಇಂಗ್ಲಿಷ್ ಅಕ್ಷರಗಳಿದ್ದವು. ಓದಬೇಕೆಂದು ಅನಿಸಲಿಲ್ಲ. ಸಾಮಾನಿನ ಮೇಲಿನ ಬರಹ ಓದುವುದು ಗಿರಾಕಿಗಳ ಕೆಲಸ ಎಂದು ನಂಬಿದ್ದ ಮಹಾನುಭಾವ.

ಪೊಟ್ಟಣ ಕೈಸೇರಿದ ಮೂರನೆಯ ದಿನ ಮಗಳು ಮತ್ತೆ ಫೋನು ಮಾಡಿದಳು. ದನಿ ಕುಗ್ಗಿತ್ತು. ಅಂಗಾಲಡಿ ಇಟ್ಟರೆ ಗಂಟಿನ ಹಾಗೆ ಒತ್ತಿ ಹೆಜ್ಜೆ ಕೆಡುತ್ತದೆ. ಸಾಕ್ಸಿನ ಮೇಲೆ, ಬೆರಳ ಬಳಿ ಇಟ್ಟರೆ ಬೂಟಿನಲ್ಲಿ ಸ್ವಲ್ಪ ಹೊತ್ತಿಗೇ ತಣ್ಣಗಾಗುತ್ತದೆ.

ತಿಮ್ಮೇಶನಿಗೆ ಹುರುಪು ಬಂತು. ಕೆಟ್ಟದ್ದು ಯಾಕೆ ಕೆಟ್ಟಿತೆಂದು ಹೇಳುವುದೇ ಅವನ ಕಸುಬಲ್ಲವೇ?

"ಅದಕ್ಕೆ ಗಾಳಿ ಸಿಕ್ಕಿಲ್ಲ ಕಣವ್ವ. ಒಳಗಿರೋದು ಕಬ್ಬಿಣದ ಪುಡಿ. ಗಾಳಿ ಕುಡಿದು ತುಕ್ಕು ಹಿಡೀತಾ ಬಿಸಿ ಕೊಡ್ತೈತೆ. ಬೂಟು ಬಿಗಿ, ಗಾಳಿ ಇಲ್ಲ, ಬಿಸಿ ಇಲ್ಲ. ಅದೇನು ಸತ್ತಿಲ್ಲ, ಬಿಸಾಕಬ್ಯಾಡ. ಹೊರಗೆ ತೆಗೆದು ಅಲುಗಾಡಿಸು, ಮತ್ತೆ ಜೀವ ಬರ್ತೈತೆ. ರಾತ್ರಿ ಸಾಕ್ಸಿನೊಳಗೆ ಬೆರಳ ಮೇಲೆ ಇಟ್ಕೊಂಡು ರಗ್ಗು ಹೊದ್ದು ಮಲಗು. ಬೆಳಿಗ್ಗೆ ಬೂಟು ಹಾಕೋ ಹೊತ್ತಿಗೆ ಕಾಲು ಬೆಚ್ಚಗಿರ್ತಾವೆ."

"ಚರ್ಮಕ್ಕೆ ತಾಗಿದ್ರೆ ಏನೂ ಆಗಲ್ವಾ ಅಪ್ಪಾ?"

"ನಾನು ರಾತ್ರಿಯೆಲ್ಲ ಎದೆ ಮೇಲೆ ಇಟ್ಕೊಂಡೀನಿ. ಏನೂ ಆಗಲ್ಲ."

ಆಮೇಲೆ ಪಕ್ಕದಲ್ಲೇ ಕೂತಿದ್ದ ಹೆಂಡತಿ ಸರೋಜಾ ಫೋನು ಇಸಿದುಕೊಂಡು, ಊಟ ಸೇರುತ್ತದೋ ಇಲ್ಲವೋ ಎಂದು ಮಗಳನ್ನು ಕೇಳಿದಳು.

ಅವನು ಹೇಳಿದ್ದು ಅರ್ಧ ನಿಜ. ಪೊಟ್ಟಣಕ್ಕೆ ನಿಜವಾಗಿಯೂ ಜೀವ ಬಂತು. ಬಿಗಿಯಾದ ಬೂಟಿನಲ್ಲಿ ಉಸಿರುಗಟ್ಟಿದ್ದದ್ದು ಸಾಕ್ಸಿನ ನೂಲಿನ ಸಂದಿಯಲ್ಲಿ ಬೇಕಾದಷ್ಟು ಗಾಳಿ ಕುಡಿಯಿತು; ರಗ್ಗು ಆ ಬಿಸಿಯನ್ನು ಹೊರಗೆ ಹೋಗಗೊಡಲಿಲ್ಲ. ದಿನವಿಡೀ ಹೆಜ್ಜೆ ಹಾಕಿ ದಣಿದ ಹುಡುಗಿ ಸತ್ತಂತೆ ಮಲಗಿದ್ದಳು. ಮಾರನೆಯ ದಿನ ಮಧ್ಯಾಹ್ನ, ಹರಿಹರದ ಅಂಗಡಿಯಲ್ಲಿ ತಿಮ್ಮೇಶ ಒಬ್ಬರ ಬ್ಯಾಟರಿಗೆ ನೀರು ಹಾಕುತ್ತಿದ್ದಾಗ ಫೋನು ಬಂತು.

"ಬೆರಳ ಮೇಲೆ ಗುಳ್ಳೆ ಎದ್ದಾವೆ ಅಪ್ಪಾ. ಎರಡೂ ಕಾಲಿಗೆ. ಸುಟ್ಟೈತಂತೆ."

"ಸುಡೋ ಅಷ್ಟು ಬಿಸಿ ಎಲ್ಲಿರ್ತೈತೆ ಅದು?"

"ನಂಗೂ ಹಿತವಾಗೇ ಇತ್ತು. ಹಿತವಾಗಿರೋ ಬಿಸೀನೇ ತಾಸುಗಟ್ಟಲೆ ಒಂದೇ ಕಡೆ ಕೂತ್ರೆ ಸುಡ್ತೈತೆ ಅಂದ್ರು ಡಾಕ್ಟರು. ಜೋಮು ಹಿಡಿದ ಬೆರಳಿಗೆ ಉರಿ ಗೊತ್ತಾಗಲ್ಲ, ನಿದ್ದೇಲಿ ಎಚ್ಚರಾನೂ ಆಗಲ್ಲ. ಇದನ್ನ ಕಟ್ಕೊಂಡು ಮಲಗಲೇಬಾರ್ದಂತೆ. ಎರಡು ವಾರ ಬೂಟು ಹಾಕೋ ಹಂಗಿಲ್ಲ."

ಎರಡು ವಾರವೆಂದರೆ ಪಥಸಂಚಲನ ಮುಗಿದೇ ಹೋಗುತ್ತದೆ. ತಿಮ್ಮೇಶ ಅದಕ್ಕೆ ಯಾವುದೋ ಮುಲಾಮಿನ ಹೆಸರು ಹೇಳಿದ. ಬೂಟಿನ ಮುಂಭಾಗ ಕತ್ತರಿಸಿದರೆ ಹೇಗೆ ಎಂದು ಕೇಳಿದ. ಕ್ಯಾಂಪಿನ ಅಧಿಕಾರಿಗಳ ಹತ್ತಿರ ತಾನೇ ಮಾತಾಡಲೇ ಎಂದ. ತನ್ನ ಮಾತು ತನಗೇ ಹುಚ್ಚುಹುಚ್ಚಾಗಿ ಕೇಳಿಸುತ್ತಿತ್ತು, ಆದರೂ ನಿಲ್ಲಿಸಲಾಗಲಿಲ್ಲ.

"ಬ್ಯಾಡ ಅಪ್ಪಾ. ಯಾರು ಹೇಳಿಕೊಟ್ರು ಅಂತ ಕೇಳಿದ್ರು. ನಾನೇ ಇಟ್ಕೊಂಡೆ ಅಂದೀನಿ. ಅಮ್ಮಂಗೂ ಹಂಗೇ ಹೇಳು."

ಅವನು ಅಂಗಡಿಯ ಬಾಗಿಲು ಎಳೆದು ದಾವಣಗೆರೆಗೆ ಬಂದ. ರೈಲ್ವೆ ಸ್ಟೇಷನ್ನಿಗೆ ಹೋಗಿ ದೆಹಲಿಯ ಗಾಡಿ ವಿಚಾರಿಸಿದ. ಹೋಗಿ ಮಾಡುವುದೇನು? ಸುಟ್ಟ ಚರ್ಮಕ್ಕೆ ಮೀಟರು ಹಿಡಿಯಲಾಗುತ್ತದೆಯೇ? ಬೆಂಚಿನ ಮೇಲೆ ಕೂತು, ಎದ್ದು, ಮತ್ತೆ ಕೂತ. ಅವನ ಬದುಕಿನಲ್ಲಿ ಕೈಗೆ ಇಷ್ಟು ಕೆಲಸವಿಲ್ಲದ ಮಧ್ಯಾಹ್ನ ಇನ್ನೊಂದಿರಲಿಲ್ಲ. ಕತ್ತಲಾದ ಮೇಲೆ ಮನೆಗೆ ಹೋಗಿ, ಮಗಳು ಹೇಳಿಕೊಟ್ಟದ್ದನ್ನೇ ಹೆಂಡತಿಗೆ ಹೇಳಿದ. ಸರೋಜಾ ಕೇಳಿಸಿಕೊಂಡು, ಊಟಕ್ಕೆ ಬಡಿಸಲು ಒಳಗೆ ಹೋದಳು.

ಗಣರಾಜ್ಯೋತ್ಸವದ ಬೆಳಿಗ್ಗೆ ಟಿವಿ ಹಾಕುವುದೇ ಬೇಡವೆಂದಿದ್ದ ಅವನು. ಸರೋಜಾ ಹಾಕಿದಳು. ಹುಡುಗಿಯರ ಸಾಲು ಬಂತು. ಒಂದೇ ಅಳತೆಯ ಹೆಜ್ಜೆ, ಒಂದೇ ಸದ್ದು. ಮೂರನೆಯ ಸಾಲಿನಲ್ಲಿ ಮಗಳು ನಿಲ್ಲಬೇಕಿದ್ದ ಜಾಗದಲ್ಲಿ ಬೇರೆ ಯಾರದೋ ಮಗಳು ತಲೆಯೆತ್ತಿ ನಡೆಯುತ್ತಿದ್ದಳು. ಅವನಿಗೆ ತಡೆಯಲಾಗಲಿಲ್ಲ.

"ಅವಳಾಗೇ ಇಟ್ಕೊಂಡಿದ್ದಲ್ಲ ಸರೋಜಾ. ನಾನೇ ಹೇಳಿದ್ದೆ."

"ಗೊತ್ತು," ಎಂದಳು ಸರೋಜಾ, ಟಿವಿಯಿಂದ ಕಣ್ಣು ತೆಗೆಯದೆ. "ನೀವು ಹೇಳೋವಾಗ ನಾನು ಪಕ್ಕದಾಗೇ ಇದ್ನಲ್ಲ. ನಿದ್ದೇಲಿ ಸುಟ್ಟುಗಿಟ್ಟೀತು, ಬ್ಯಾಡ ಅನ್ನಬೇಕು ಅಂತ ಬಾಯಿಗೆ ಬಂದಿತ್ತು. ಇಂಥದ್ದೆಲ್ಲ ನಿಮಗೆ ಗೊತ್ತಿರ್ತೈತೆ ಅಂತ ಸುಮ್ನಾದೆ."