ಹಿಂದಿನ ಎಡಭಾಗ

ಮಗಳ ಕೂದಲು ಸೊಂಟ ದಾಟಿದ್ದು, ಒಂದು ಮುಷ್ಟಿಗೆ ಸಿಗದಷ್ಟು ದಪ್ಪ. ಇಂಥ ತಲೆಗೆ ಬಣ್ಣ ಹಚ್ಚುವುದೆಂದರೆ ಎಂಥವರೂ ಕೈಚೆಲ್ಲಿ ಕೂರುತ್ತಾರೆ. ಅಮ್ಮನ ಮಾತು ಬೇರೆ. ಅವಳು ಪಾರ್ಲರ್ ನಡೆಸಿದವಳು. ಅಂಗಡಿ ಮುಚ್ಚಿದ ಮೇಲೂ ಮಗಳ ತಲೆಯನ್ನು ಇನ್ನೊಬ್ಬರ ಕೈಗೆ ಕೊಟ್ಟವಳಲ್ಲ. ಹೆರಿಗೆ ರಜೆ ಮುಗಿದಿತ್ತು. ನಾಳೆಯಿಂದ ಮಗಳು ಕೆಲಸಕ್ಕೆ, ಅವಳ ಕೂಸು ಗುಂಡ ಇಡೀ ದಿನ ಅಜ್ಜಿಯ ಸುಪರ್ದಿಗೆ. ಮಗಳ ಗಂಡನಿಗೆ ಯಾಕೋ ಅಳುಕು. ಹೋದ ವಾರ ಅಮ್ಮ ಒಲೆಯ ಮೇಲಿಟ್ಟ ಹಾಲಿನ ಪಾತ್ರೆ ತಳ ಹತ್ತಿ ಮನೆಯೆಲ್ಲ ಹೊಗೆಯಾದಾಗ ಅವನು ಮುಖ ಗಂಟಿಕ್ಕಿದ್ದ. ‘ಎಲ್ಲರ ಮನೆಯಲ್ಲೂ ಹಾಲು ಉಕ್ಕುತ್ತೆ’ ಎಂದು ಮಗಳೇ ಅವನ ಬಾಯಿ ಮುಚ್ಚಿಸಿದ್ದಳು.

ಅಡುಗೆಮನೆಯ ಸ್ಟೂಲಿನ ಮೇಲೆ ಹಳೆಯ ಟವೆಲ್ ಹೊದ್ದು ಮಗಳು ಕುಳಿತಳು. ಅಮ್ಮ ಕೈಗವಸು ತೊಟ್ಟು, ಬ್ರಷ್ಷಿನ ಚೂಪು ಬಾಲದಿಂದ ಹಣೆಯ ನಡುವಿನಿಂದ ಕುತ್ತಿಗೆಯವರೆಗೆ ಒಂದು ಬೈತಲೆ ಎಳೆದಳು, ಆಮೇಲೆ ನೆತ್ತಿಯ ಮೇಲಿಂದ ಈ ಕಿವಿಯಿಂದ ಆ ಕಿವಿಗೆ ಇನ್ನೊಂದು. ನಾಲ್ಕು ಭಾಗ. ಒಂದೊಂದನ್ನೂ ತಿರುಚಿ ಕ್ಲಿಪ್ಪು ಹಾಕಿದಳು.

“ಮೊದಲು ಯಾವುದು?” ಮಗಳು ಸುಮ್ಮನೆ ಕೆಣಕಿದಳು.

“ಹಿಂದಿನ ಎಡಭಾಗ, ಕುತ್ತಿಗೆ ಹತ್ರದಿಂದ. ಹಿಂದೆ ಕೂದಲು ದಪ್ಪ, ಬಣ್ಣ ಹಿಡಿಯೋಕೆ ಹೊತ್ತು ಬೇಕು. ಮುಂದಿನ ಅಂಚು ತೆಳು, ಬೇಗ ಹಿಡಿಯುತ್ತೆ, ಅದು ಕೊನೆಗೆ. ನನಗೇ ಪರೀಕ್ಷೆ ಇಡ್ತೀಯಾ, ಕತ್ತೆ?”

ಅಮ್ಮನ ಕೈ ಎಂದಿನಂತೆ ನಡೆಯಿತು. ಕಿರುಬೆರಳಿನಷ್ಟು ಪದರ ಬಿಡಿಸುವುದು, ಬ್ರಷ್ಷನ್ನು ಓರೆ ಹಿಡಿದು ಬುಡಕ್ಕೆ ಒತ್ತುವುದು, ತುದಿಯವರೆಗೆ ಎಳೆಯುವುದು, ಪದರವನ್ನು ಮಗುಚಿ ಒಳಮೈಗೂ ಹಚ್ಚುವುದು. ಹಚ್ಚಿದ್ದನ್ನು ಕೆಳಗೆ ಬಿಟ್ಟು ಮೇಲಿನ ಪದರಕ್ಕೆ ಹೋಗುವುದು. ಮಗಳು ಕಣ್ಣು ಮುಚ್ಚಿದಳು. ಅವಳಿಗೆ ಕನ್ನಡಿ ಬೇಕಿರಲಿಲ್ಲ. ಅಮ್ಮ ಎಲ್ಲಿದ್ದಾಳೆಂದು ತಲೆಯ ಚರ್ಮವೇ ಹೇಳುತ್ತಿತ್ತು. ಎಡಭಾಗ ನೆತ್ತಿಯವರೆಗೆ ಮುಗಿಯಿತು. ಬಲಭಾಗವೂ ಮುಗಿಯಿತು. ಇನ್ನು ಕಿವಿಯ ಮುಂದಿನ ಕ್ಲಿಪ್ಪು ಬಿಚ್ಚಬೇಕು.

ತಣ್ಣಗಿನ ಬ್ರಷ್ಷು ಕುತ್ತಿಗೆಗೆ ತಾಗಿತು. ಎಡಗಡೆ.

ಎಲ್ಲೋ ಬಿಟ್ಟುಹೋಗಿರಬೇಕು ಎಂದುಕೊಂಡಳು ಮಗಳು. ಆದರೆ ಅಮ್ಮ ಒದ್ದೆ ಪದರವನ್ನು ಬಾಲದಿಂದ ಬಿಡಿಸಿದಳು, ಬುಡಕ್ಕೆ ಒತ್ತಿದಳು, ಎಳೆದಳು, ಮಗುಚಿದಳು. ಮುಂದಿನ ಪದರ. ಅದರ ಮುಂದಿನದು. ಬಣ್ಣದ ಮೇಲೆ ಬಣ್ಣ. ಹಾಡು ಗುನುಗುತ್ತ, ಅಷ್ಟೇ ಅಚ್ಚುಕಟ್ಟಾಗಿ. ಕೈ ಒಂದು ಕಡೆಯೂ ತಡವರಿಸಲಿಲ್ಲ, ಅದೇ ಮಗಳ ಎದೆ ಝಲ್ಲೆನಿಸಿದ್ದು.

“ಅಮ್ಮಾ, ಮುಂದಿನ ಎರಡು ಭಾಗ ಮುಗೀತಾ?”

“ಆಗ್ಲೇ ಆಯ್ತಲ್ಲೇ. ಇದೊಂದೇ ಬಾಕಿ.”

ಮಗಳು ಟವೆಲಿನೊಳಗಿಂದ ಕೈ ತೆಗೆದು ಮೆಲ್ಲಗೆ ಮುಟ್ಟಿ ನೋಡಿದಳು. ಮುಂದಿನ ಎರಡೂ ಕ್ಲಿಪ್ಪು ಹಾಕಿದಂತೆಯೇ ಇದ್ದವು. ಕೂದಲು ಒಣಗಿಯೇ ಇತ್ತು. ಹೋದ ವಾರದ ಹೊಗೆಯ ವಾಸನೆ ಮತ್ತೆ ಮೂಗಿಗೆ ಬಡಿದಂತಾಯಿತು. ಅವಳಿಗೆ ಭಯವಾಯಿತು, ನಿಜವಾದ ಭಯ.

ಅಷ್ಟರಲ್ಲಿ ಒಳಗೆ ತೊಟ್ಟಿಲಿನಿಂದ ಗುಂಡ ಅತ್ತ.

“ನೀನು ಕೂತಿರು, ನಾನು ಎತ್ಕೋತೀನಿ” ಎಂದು ಅಮ್ಮ ಬಣ್ಣದ ಬಟ್ಟಲಿಟ್ಟು ಹೊರಟೇಬಿಟ್ಟಳು. ಕೈಗವಸು ಹಾಗೇ ಇದ್ದವು, ಬೆರಳ ತುದಿಯಿಂದ ಮಣಿಕಟ್ಟಿನವರೆಗೆ ಕಪ್ಪು. ಕೈಗವಸು ಬಿಚ್ಚದೆ ಬಾಗಿಲ ಚಿಲಕವನ್ನೂ ಮುಟ್ಟಿದವಳಲ್ಲ ಅಮ್ಮ. ಮುಟ್ಟಿದ ಹುಡುಗಿಯರಿಗೆ ಪಾರ್ಲರಿನಲ್ಲಿ ಮಂಗಳಾರತಿ ಎತ್ತುತ್ತಿದ್ದಳು. ಮಗಳು ಸ್ಟೂಲು ಬೀಳಿಸಿಕೊಂಡು ಓಡಿದಳು. ಬಣ್ಣ ಕುತ್ತಿಗೆಯಿಂದ ಬೆನ್ನಿಗೆ ಇಳಿಯಿತು. ತೊಟ್ಟಿಲಿಗೆ ಬಗ್ಗಿದ ಆ ಎರಡು ಕಪ್ಪು ಕೈಗಳಿಗೂ ಮಗುವಿನ ಮುಖಕ್ಕೂ ಗೇಣು ದೂರವಿತ್ತು. ಗುಂಡ ಅಳು ನಿಲ್ಲಿಸಿ ಅಜ್ಜಿಯ ಬೆರಳನ್ನು ಬಾಯಿಗೆ ಎಳೆದುಕೊಳ್ಳಲು ಕೈ ಚಾಚಿದ್ದ.

ಮಗಳು ನಡುವೆ ನುಗ್ಗಿ ಅವನನ್ನು ಬಾಚಿಕೊಂಡಳು.

“ಯಾಕೇ, ಏನಾಯ್ತು?” ಎಂದಳು ಅಮ್ಮ. ಮಗಳ ನೋಟ ಹಿಡಿದು ತನ್ನ ಕೈ ನೋಡಿಕೊಂಡಳು. ಕದ್ದು ಸಿಕ್ಕಿಬಿದ್ದ ಮಗುವಿನಂತೆ ಎರಡೂ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡಳು. ಅವಳ ಮುಖದಲ್ಲಿ ಆಶ್ಚರ್ಯವಿರಲಿಲ್ಲ. ಇದು ಅವಳಿಗೆ ಮೊದಲನೆಯ ಸಲವಲ್ಲ ಎಂದು ಮಗಳಿಗೆ ಆಗ ಗೊತ್ತಾಯಿತು.

“ನಿನ್ನ ಗಂಡನಿಗೆ ಹೇಳ್ಬೇಡ್ವೇ” ಎಂದಳು ಅಮ್ಮ ಸಣ್ಣ ದನಿಯಲ್ಲಿ. “ಹೇಳಿದ್ರೆ ಇವನನ್ನ ನನ್ನ ಹತ್ರ ಬಿಡಲ್ಲ.”

ಮಗಳು ಗುಂಡನನ್ನು ಇನ್ನಷ್ಟು ಬಿಗಿಯಾಗಿ ಅಪ್ಪಿಕೊಂಡಳು.

“ನಾನೂ ಬಿಡಲ್ಲಮ್ಮ” ಎಂದಳು.

ಅಮ್ಮ ತಲೆಯಾಡಿಸಿದಳು. ಅಡುಗೆಮನೆಗೆ ಹೋಗಿ ಬಿದ್ದ ಸ್ಟೂಲನ್ನು ಎತ್ತಿ ನಿಲ್ಲಿಸಿದಳು, ಬ್ರಷ್ಷು ಕೈಗೆತ್ತಿಕೊಂಡಳು.

“ಬಾ, ಕೂತ್ಕೋ” ಎಂದು ಕರೆದಳು. “ಮೊದಲು ಹಿಂದಿನ ಎಡಭಾಗ.”